ಫೋಮ್ ಅಂಟಿಸಿದ ಮೇಲೂ ಪಕ್ಕದ ಮನೆಗೆ ಕೇಳುವ ಡ್ರಮ್: ಮನೆಯ ಸಂಗೀತ ಕೋಣೆಯ ದೋಷ ಪತ್ತೆ

ಮನೆಯ ಒಂದು ಕೋಣೆಯನ್ನು ಸಂಗೀತಾಭ್ಯಾಸಕ್ಕೆ ಬಿಟ್ಟುಕೊಟ್ಟು, ಗೋಡೆಗಳ ತುಂಬ ಉಬ್ಬುತಗ್ಗಿನ ಫೋಮ್ ಅಂಟಿಸಿ, ಬಾಗಿಲು ಮುಚ್ಚಿ ಬಾರಿಸಲು ಕುಳಿತಾಗ, ಒಳಗಿರುವವರಿಗೆ ಕೋಣೆ ಬಹಳ ಶಾಂತವಾದಂತೆ ತೋರುತ್ತದೆ. ಪಕ್ಕದ ಮನೆಯವರ ದೂರು ಮಾತ್ರ ಮೊದಲಿನಷ್ಟೇ ಉಳಿದಿರುತ್ತದೆ. ಫೋಮ್‌ನ ಗುಣಮಟ್ಟ ಸಾಲದೆಂದು ಭಾವಿಸಿ ಇನ್ನೂ ದಪ್ಪನೆಯದನ್ನು ತರಿಸಿದರೂ ಫಲ ಬದಲಾಗುವುದಿಲ್ಲ. ಇಲ್ಲಿ ಕೆಟ್ಟಿರುವುದು ಸಾಮಗ್ರಿಯಲ್ಲ. ಒಳಗಿನ ಸದ್ದನ್ನು ಹದಗೊಳಿಸುವ ಸಾಮಗ್ರಿಗೆ ಹೊರಹೋಗುವ ಸದ್ದನ್ನು ತಡೆಯುವ ಕೆಲಸವನ್ನು ವಹಿಸಲಾಗಿದೆ. ಸದ್ದು ಯಾವ ದಾರಿಯಿಂದ ಹೋಗುತ್ತಿದೆ ಎಂಬುದನ್ನು ಮೊದಲು ಗುರುತಿಸಿ, ಆ ದಾರಿಗೆ ಫೋಮ್, ಕಲ್ಲಿನ ಎಳೆಗಳಿಂದ ಮಾಡಿದ ರಾಕ್‌ವುಲ್, ಭಾರದ ಪದರ ಇವುಗಳಲ್ಲಿ ಯಾವುದು ಬೇಕೆಂದು ತೀರ್ಮಾನಿಸುವ ಕ್ರಮವನ್ನು ಈ ಬರಹ ವಿವರಿಸುತ್ತದೆ.

ಲೆಕ್ಕಕ್ಕೆ ಅನುಕೂಲವಾಗಲೆಂದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಕಾಣುವಂಥ ಒಂದು ಕೋಣೆಯನ್ನು ಇಟ್ಟುಕೊಳ್ಳೋಣ. ಅದರ ಉದ್ದ 4 ಮೀಟರ್, ಅಗಲ 3 ಮೀಟರ್, ಎತ್ತರ 3 ಮೀಟರ್. ಉದ್ದನೆಯ ಒಂದು ಗೋಡೆಯ ಆಚೆಗೆ ಪಕ್ಕದ ಮನೆಯ ಮಲಗುವ ಕೋಣೆಯಿದೆ. ಅದು ಎರಡೂ ಕಡೆ ಗಾರೆ ಮಾಡಿದ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ. ಎದುರಿನ ಗೋಡೆಯಲ್ಲಿ ಹಾಲ್‌ಗೆ ತೆರೆಯುವ ಫ್ಲಶ್ ಡೋರ್, ಹೊರಗಿನ ಗೋಡೆಯಲ್ಲಿ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ, ಕೆಳಗೆ ಇನ್ನೊಂದು ಕುಟುಂಬದ ಮನೆ. ಕೋಣೆಯಲ್ಲಿರುವುದು ಡ್ರಮ್ ಸೆಟ್. ಮನೆಯೊಳಗೆ ನುಡಿಸುವ ವಾದ್ಯಗಳಲ್ಲಿ ಇದು ಅತ್ಯಂತ ಕಠಿಣವಾದದ್ದು. ಸದ್ದು ಸುಮಾರು 100 ಡೆಸಿಬೆಲ್ ಮುಟ್ಟುತ್ತದೆ, ಅದರಲ್ಲಿ ಅತಿ ಕೆಳಗಿನ ಸ್ವರವೂ ಅತಿ ಮೇಲಿನ ಸ್ವರವೂ ಇರುತ್ತವೆ, ಜೊತೆಗೆ ಪೆಡಲ್ ತುಳಿದಾಗಲೆಲ್ಲ ನೆಲಕ್ಕೆ ನೇರವಾಗಿ ಪೆಟ್ಟು ಬೀಳುತ್ತದೆ. ತಬಲಾ, ಕೀಬೋರ್ಡ್ ಅಥವಾ ಪಿಟೀಲು ನುಡಿಸುವವರಿಗೆ ಇದೇ ಕ್ರಮ ಇನ್ನಷ್ಟು ಸುಲಭವಾಗಿ ಅನ್ವಯಿಸುತ್ತದೆ.

ಮೊದಲ ಹಂತ: ಹೊರಗೆ ಕೇಳುವ ಸದ್ದು ಎಂಥದು?

ಒಬ್ಬರು ಒಳಗೆ ಬಾರಿಸುತ್ತಿರಲಿ, ಇನ್ನೊಬ್ಬರು ಪಕ್ಕದ ಮನೆಯವರ ಅನುಮತಿ ಪಡೆದು ಅವರ ಮಲಗುವ ಕೋಣೆಯಲ್ಲಿ ನಿಂತು ಕೇಳಲಿ. ಅಲ್ಲಿ ತಾಳದ ತಟ್ಟೆಗಳ ‘ಚಿಸ್’ ಎಂಬ ಸದ್ದು ಮತ್ತು ಕಡ್ಡಿಯ ಟಕಟಕ ಸ್ಪಷ್ಟವಾಗಿ ಕೇಳಿದರೆ, ಸದ್ದು ಯಾವುದೋ ಕಿಂಡಿಯಿಂದ ನುಸುಳುತ್ತಿದೆ ಎಂದರ್ಥ. ಮೇಲಿನ ಸ್ವರಗಳನ್ನು ಇಟ್ಟಿಗೆ ಗೋಡೆ ಚೆನ್ನಾಗಿಯೇ ತಡೆಯುತ್ತದೆ, ಆದ್ದರಿಂದ ಅವು ತಮ್ಮ ಹರಿತವನ್ನು ಉಳಿಸಿಕೊಂಡು ಆಚೆಗೆ ತಲುಪಿದರೆ ಅದಕ್ಕೆ ಗಾಳಿಯ ದಾರಿಯೇ ಕಾರಣ. ಹರಿತವೆಲ್ಲ ಮಾಯವಾಗಿ ಕೇವಲ ‘ಧಡ್ ಧಡ್’ ಎಂಬ ಮಂಕಾದ ಸದ್ದು ಬರುತ್ತಿದ್ದರೆ, ಅದು ಗೋಡೆಯನ್ನೇ ಅಲುಗಿಸಿ ಬರುತ್ತಿದೆ ಅಥವಾ ನೆಲದ ಸ್ಲ್ಯಾಬಿನ ಮೂಲಕ ಸಾಗಿ ಬರುತ್ತಿದೆ.

ಇವೆರಡನ್ನು ಬೇರ್ಪಡಿಸಲು ಒಂದು ಸರಳ ಪರೀಕ್ಷೆಯಿದೆ. ದೊಡ್ಡ ಡ್ರಮ್ಮನ್ನು ಪಕ್ಕಕ್ಕೆ ಸರಿಸಿ, ಪೆಡಲಿನ ಸುತ್ತಿಗೆಯು ಡ್ರಮ್ಮಿನ ಬದಲು ಅಭ್ಯಾಸದ ರಬ್ಬರ್ ಪ್ಯಾಡಿಗೆ ಬಡಿಯುವಂತೆ ಮಾಡಿ ತುಳಿಯಬೇಕು. ಆಗ ಕೋಣೆಯೊಳಗೆ ಸದ್ದು ಹೆಚ್ಚೇನೂ ಇರುವುದಿಲ್ಲ. ಹಾಗಿದ್ದರೂ ಕೆಳಗಿನ ಮನೆಯಲ್ಲಿ ಪೆಟ್ಟು ಕೇಳುತ್ತಿದ್ದರೆ ಅದು ಗಾಳಿಯ ಮೂಲಕ ಬಂದದ್ದಲ್ಲ, ನೆಲದ ಮೂಲಕವೇ ಹೋದದ್ದು. ಅದಕ್ಕೆ ಗೋಡೆಯ ಮೇಲಿನ ಯಾವ ಪದರವೂ ಮದ್ದಾಗುವುದಿಲ್ಲ. ಇದಕ್ಕೆ ವಿರುದ್ಧವಾದ ಪರೀಕ್ಷೆಯೆಂದರೆ, ಒಂದು ಸ್ಪೀಕರನ್ನು ಸ್ಟೂಲಿನ ಮೇಲೆ ದಪ್ಪ ದಿಂಬಿಟ್ಟು ಅದರ ಮೇಲೆ ಕೂರಿಸಿ, ಮುದ್ರಿತ ಡ್ರಮ್ ವಾದನವನ್ನು ಜೋರಾಗಿ ಹಾಕುವುದು. ಈಗ ನೆಲದ ದಾರಿ ಕಡಿದುಹೋಗಿರುವುದರಿಂದ ಹೊರಗೆ ಕೇಳುವುದೆಲ್ಲ ಗಾಳಿಯ ಮೂಲಕ ಹೊರಟು, ಕಿಂಡಿಯಿಂದಲೋ ಗೋಡೆಯಿಂದಲೋ ದಾಟಿದ ಸದ್ದು.

ಕಿವಿಯ ಜೊತೆಗೆ ಫೋನನ್ನೂ ಬಳಸಬಹುದು. ಸದ್ದು ಅಳೆಯುವ ಆ್ಯಪ್‌ಗಳು ತೋರಿಸುವ ಅಂಕಿ ನಿಖರವಲ್ಲ, ಆದರೆ ಅದೇ ಫೋನು, ಅದೇ ಆ್ಯಪ್ ಇಟ್ಟುಕೊಂಡು ಎರಡು ಜಾಗಗಳ ವ್ಯತ್ಯಾಸ ನೋಡಿದರೆ ನಂಬಲರ್ಹವಾದ ಸೂಚನೆ ಸಿಗುತ್ತದೆ. ಸ್ಪೀಕರಿನಿಂದ ಪಿಂಕ್ ನಾಯ್ಸ್ ಎಂಬ, ಎಲ್ಲ ಸ್ವರಗಳೂ ಬೆರೆತ ಸುಯ್ ಎನ್ನುವ ಸದ್ದನ್ನು ಹಾಕಿ, ಧ್ವನಿಮಟ್ಟವನ್ನು ಬದಲಿಸದೆ, ಕೋಣೆಯೊಳಗೆ, ಬಾಗಿಲಿನ ಹೊರಗೆ, ಕಿಟಕಿಯ ಹೊರಗೆ ಮತ್ತು ಪಕ್ಕದ ಮನೆಯಲ್ಲಿ ಎ ಮತ್ತು ಸಿ ಎಂಬ ಎರಡೂ ಮಾಪನಗಳಲ್ಲಿ ಓದಬೇಕು. ಎ ಮಾಪನವು ಕೆಳಗಿನ ಸ್ವರಗಳನ್ನು ಬಹಳಮಟ್ಟಿಗೆ ಕಳೆದು ಲೆಕ್ಕ ಹಾಕುತ್ತದೆ, ಸಿ ಮಾಪನವು ಅವುಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಸೇರಿಸಿಕೊಳ್ಳುತ್ತದೆ. ಬಾಗಿಲಿನ ಹೊರಗೆ ಎ 70, ಸಿ 74 ಎಂದು ಬಂದರೆ ಎಲ್ಲ ಸ್ವರಗಳೂ ಒಟ್ಟಿಗೆ ಹೊರಬರುತ್ತಿವೆ, ಅಂದರೆ ಅಲ್ಲಿ ಕಿಂಡಿಯಿದೆ. ಪಕ್ಕದ ಮನೆಯಲ್ಲಿ ಎ 52, ಸಿ 68 ಎಂದು ಬಂದರೆ ಆ 16 ಡೆಸಿಬೆಲ್ ಅಂತರವೇ ಗೋಡೆಯನ್ನು ದಾಟಿದ್ದು ಮುಖ್ಯವಾಗಿ ಕೆಳಗಿನ ಸ್ವರಗಳು ಎಂದು ಹೇಳುತ್ತದೆ. ಅನೇಕ ಫೋನುಗಳ ಮೈಕು ಅತಿ ಕೆಳಗಿನ ಸ್ವರಗಳಿಗೆ ಮಂದವಾಗಿರುತ್ತದೆ, ಆದ್ದರಿಂದ ನಿಜವಾದ ಅಂತರ ಇದಕ್ಕಿಂತ ಹೆಚ್ಚೇ ಇರಬಹುದು.

ಫೋಮ್ ಏನು ಮಾಡುತ್ತದೆ?

50 ಮಿಲಿಮೀಟರ್ ದಪ್ಪದ, ಘನಮೀಟರಿಗೆ 32 ಕಿಲೋ ಸಾಂದ್ರತೆಯ ಫೋಮ್ ಒಂದು ಚದರ ಮೀಟರಿಗೆ 1.6 ಕಿಲೋ ಮಾತ್ರ ತೂಗುತ್ತದೆ. ನಮ್ಮ ಗಾರೆ ಮಾಡಿದ ಇಟ್ಟಿಗೆ ಗೋಡೆ ಒಂದು ಚದರ ಮೀಟರಿಗೆ ಸುಮಾರು 270 ಕಿಲೋ ತೂಗುತ್ತದೆ. ಒಂಟಿ ಗೋಡೆ ಸದ್ದನ್ನು ತಡೆಯುವುದು ತನ್ನ ಭಾರದಿಂದ. ಭಾರ ಎರಡು ಪಟ್ಟಾದಾಗ ತಡೆ ಹೆಚ್ಚೆಂದರೆ 6 ಡೆಸಿಬೆಲ್ ಏರುತ್ತದೆ. ಹಾಗಿರುವಾಗ 270ಕ್ಕೆ 1.6 ಸೇರಿಸಿದರೆ ಬರುವ ಲಾಭ 0.05 ಡೆಸಿಬೆಲ್. ಅದನ್ನು ಯಾವ ಕಿವಿಯೂ ಗುರುತಿಸಲಾರದು. ಮೊಟ್ಟೆಯ ಟ್ರೇ, ಹಳೆಯ ಕಂಬಳಿ, ಪರದೆ ಇವುಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಹಾಗಾದರೆ ಒಳಗೆ ಆದ ಬದಲಾವಣೆ ಭ್ರಮೆಯೇ? ಅಲ್ಲ. ಫೋಮ್‌ನ ಸಣ್ಣ ರಂಧ್ರಗಳೊಳಗೆ ಗಾಳಿಯ ಕಣಗಳು ಹೋಗಿಬಂದು ಉಜ್ಜುವುದರಿಂದ ಸದ್ದಿನ ಶಕ್ತಿ ಶಾಖವಾಗಿ ಕರಗುತ್ತದೆ, ಗೋಡೆಗೆ ಬಡಿದು ಮರಳುವ ಮಾರ್ದನಿ ಕಡಿಮೆಯಾಗುತ್ತದೆ. ಬರಿಯ ಕೋಣೆ ಒಟ್ಟಾರೆ, ಸದ್ದನ್ನು ಪೂರ್ತಿ ಹೀರುವ 4 ಚದರ ಮೀಟರ್ ಮೇಲ್ಮೈಯಷ್ಟು ಹೀರುತ್ತಿತ್ತು ಎಂದುಕೊಂಡರೆ, 12 ಚದರ ಮೀಟರ್ ಫೋಮ್ ಹಚ್ಚಿದ ಮೇಲೆ ಮೇಲಿನ ಸ್ವರಗಳಲ್ಲಿ ಆ ಹೀರುವಿಕೆ 13ನ್ನು ದಾಟುತ್ತದೆ. ಇದರಿಂದ ಕೋಣೆಯಲ್ಲಿ ತುಂಬಿಕೊಳ್ಳುವ ಸದ್ದು ಸುಮಾರು 5 ಡೆಸಿಬೆಲ್ ಇಳಿಯುತ್ತದೆ, ಅಷ್ಟರಮಟ್ಟಿಗೆ ಆಚೆಗೂ ಇಳಿಯುತ್ತದೆ. ಆದರೆ 100 ಹರ್ಟ್ಜ್‌ನ ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್. ಗೋಡೆಗೆ ಅಂಟಿಕೊಂಡ 5 ಸೆಂಟಿಮೀಟರ್ ಫೋಮ್ ಅದರಲ್ಲಿ ಹತ್ತರಲ್ಲೊಂದು ಪಾಲನ್ನು ಹೀರಿದರೆ ಹೆಚ್ಚು. ಆದ್ದರಿಂದ ದೊಡ್ಡ ಡ್ರಮ್ಮಿನ ಧಡ್ ಸದ್ದಿನಲ್ಲಿ ಇಳಿಕೆ ಹೆಚ್ಚೆಂದರೆ 1 ಡೆಸಿಬೆಲ್.

ಪಕ್ಕದ ಮನೆಯವರ ದೂರು ಈ ಧಡ್ ಸದ್ದಿನ ಬಗೆಗೇ ಇರುತ್ತದೆ. ಇಡೀ ಕೋಣೆಗೆ ಫೋಮ್ ಹೊದಿಸಿದಾಗ ಮೇಲಿನ ಸ್ವರಗಳು ಸತ್ತು, ಕೆಳಗಿನವು ಮಾತ್ರ ಗುಂಯ್‌ಗುಡುತ್ತ ಉಳಿಯುತ್ತವೆ. ವಾದ್ಯದ ಕಾಂತಿ ಕೇಳದೆ ಬಾರಿಸುವವರು ಇನ್ನೂ ಜೋರಾಗಿ ಬಾರಿಸತೊಡಗುವುದೂ ಉಂಟು. ಈ ಕೋಣೆಗೆ ಎದುರುಬದುರಾದ ಗೋಡೆಗಳಲ್ಲಿ ಅಲ್ಲಲ್ಲಿ ಹಾಕಿದ ಕೆಲವೇ ಹಲಗೆಗಳಷ್ಟು ಹೀರುವಿಕೆ ಸಾಕು. ಅದನ್ನೂ ತಡೆಯ ಕೆಲಸವೆಲ್ಲ ಮುಗಿದ ಮೇಲೆ, ಕೇಳ್ಮೆಯ ಹದಕ್ಕಾಗಿ ಹಾಕಬೇಕು.

ಕಿಂಡಿಗಳು: ಭಾರಕ್ಕಿಂತ ಮೊದಲು ನೋಡಬೇಕಾದದ್ದು

ನಾಲ್ಕೂವರೆ ಇಂಚಿನ ಗಾರೆ ಗೋಡೆ ಒಟ್ಟಾರೆ 45 ಡೆಸಿಬೆಲ್ ಆಸುಪಾಸಿನ ತಡೆ ಒಡ್ಡುತ್ತದೆ. ಅಂಥದೇ ಗೋಡೆಯಲ್ಲಿ 90 ಸೆಂಟಿಮೀಟರ್ ಅಗಲದ ಬಾಗಿಲಿದ್ದು, ಅದರ ಅಡಿಯಲ್ಲಿ 10 ಮಿಲಿಮೀಟರ್ ಸಂದಿಯಿದೆ ಎಂದುಕೊಳ್ಳೋಣ. ಸಂದಿಯ ವಿಸ್ತೀರ್ಣ 0.009 ಚದರ ಮೀಟರ್, ಗೋಡೆಯ ವಿಸ್ತೀರ್ಣ 12 ಚದರ ಮೀಟರ್. ಅಂದರೆ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಜಾಗ ತೆರೆದಿದೆ. ಬಾಗಿಲಿನ ಹಲಗೆ ಗೋಡೆಯಷ್ಟೇ ಗಟ್ಟಿ ಎಂದು ಒಪ್ಪಿಕೊಂಡರೂ, ಆ ಸಂದಿಯೊಂದರಿಂದಲೇ ಇಡೀ ಗೋಡೆಯ ತಡೆ 31 ಡೆಸಿಬೆಲ್‌ಗೆ ಕುಸಿಯುತ್ತದೆ. ಕೊಡದಲ್ಲಿ ತೂತಿರುವಾಗ ಅದರ ಮೈಯನ್ನು ಎಷ್ಟು ದಪ್ಪ ಮಾಡಿದರೂ ನೀರು ನಿಲ್ಲದಂತೆ, ಈ ಸಂದಿ ಮುಚ್ಚುವವರೆಗೆ ಗೋಡೆಯ ಮೇಲೆ ಹಾಕುವ ಯಾವ ಪದರಕ್ಕೂ ಅರ್ಥವಿಲ್ಲ.

ಪತ್ತೆ ಮಾಡುವುದು ಕಷ್ಟವಲ್ಲ. ರಾತ್ರಿ ಹಾಲ್‌ನ ದೀಪ ಆರಿಸಿ, ಕೋಣೆಯೊಳಗೆ ಬಲವಾದ ಟಾರ್ಚ್ ಹಚ್ಚಿ, ಬಾಗಿಲು ಮುಚ್ಚಿ ಹೊರಗಿನಿಂದ ನೋಡಿದರೆ ಬೆಳಕು ಬರುವ ಪ್ರತಿಯೊಂದು ಗೆರೆಯೂ ಸದ್ದಿನ ದಾರಿಯೇ. ಬೆಳಕು ನೇರವಾಗಿ ಬಾರದ ತಿರುವುಗಳಿಗೆ ಊದುಬತ್ತಿ ಹಿಡಿದು, ಫ್ಯಾನ್ ಹಾಕಿದಾಗ ಹೊಗೆ ಎತ್ತ ಎಳೆಯುತ್ತದೆ ಎಂದು ನೋಡಬೇಕು. ಬಾಗಿಲಿನ ಚೌಕಟ್ಟು ಮತ್ತು ಗೋಡೆಯ ನಡುವಿನ ಬಿರುಕು, ಎ.ಸಿ. ಪೈಪ್ ಹೋಗಲು ಕೊರೆದ ತೂತು, ಎರಡೂ ಮನೆಗಳ ಸ್ವಿಚ್‌ಬೋರ್ಡ್ ಪೆಟ್ಟಿಗೆಗಳು ಒಂದೇ ಗೋಡೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ಜಾಗ, ಕಿಟಕಿಯ ಮೇಲಿನ ವೆಂಟಿಲೇಟರ್ ಇವು ಸಾಮಾನ್ಯವಾಗಿ ಸಿಕ್ಕಿಬೀಳುತ್ತವೆ.

ಬಾಗಿಲಿಗೆ ಮೂರು ಬದಿಯಲ್ಲೂ ಒತ್ತಿದಾಗ ಕುಗ್ಗುವ ರಬ್ಬರ್ ಪಟ್ಟಿ ಹಾಕಬೇಕು. ಅಡಿಗೆ, ಮುಚ್ಚಿದಾಗ ತಾನಾಗಿ ಕೆಳಗಿಳಿಯುವ ಪಟ್ಟಿಯನ್ನಾಗಲಿ ಎತ್ತರಿಸಿದ ಹೊಸ್ತಿಲನ್ನಾಗಲಿ ಕೂರಿಸಬೇಕು. ಟೊಳ್ಳು ಬಾಗಿಲಿದ್ದರೆ ಗಟ್ಟಿ ಒಳಮೈಯ ಬಾಗಿಲಿಗೆ ಬದಲಾಯಿಸಬೇಕು. ಗಟ್ಟಿ ಬಾಗಿಲು ಸರಿಯಾಗಿ ಮುಚ್ಚಿಕೊಂಡಾಗ 30 ಡೆಸಿಬೆಲ್‌ನ ಸುತ್ತ ತಡೆಯುತ್ತದೆ. ಗೋಡೆಯಲ್ಲಿ ಅದರ ಪಾಲು ಚಿಕ್ಕದಾದ್ದರಿಂದ ಇಡೀ ಗೋಡೆಯ ಲೆಕ್ಕ 37ರ ಸುತ್ತ ನಿಲ್ಲುತ್ತದೆ. ಸಂದಿಯಿದ್ದಾಗಿನ ಸ್ಥಿತಿಗಿಂತ ಇದು ಸುಮಾರು 6 ಡೆಸಿಬೆಲ್ ಉತ್ತಮ, ಇದಕ್ಕೆ ತಗಲುವ ಖರ್ಚು ಗೋಡೆಗಳಿಗೆ ಫೋಮ್ ಹೊದಿಸುವುದಕ್ಕಿಂತ ಹೆಚ್ಚಾಗುವುದು ಅಪರೂಪ.

ಪಕ್ಕದ ಮನೆಯವರಿಗೆ ತಾಳದ ತಟ್ಟೆಯ ಸದ್ದು ಸ್ಪಷ್ಟವಾಗಿ ಕೇಳುತ್ತಿದ್ದರೆ ಮಾತ್ರ ಬಾಗಿಲಿಗಿಂತ ಕಿಟಕಿಯನ್ನು ಹೆಚ್ಚು ಅನುಮಾನಿಸಬೇಕು. ನಮ್ಮಲ್ಲಿ ಅಕ್ಕಪಕ್ಕದ ಮನೆಗಳ ಕಿಟಕಿಗಳು ಒಂದೇ ಹೊರಗೋಡೆಯಲ್ಲಿ ಕೆಲವೇ ಅಡಿ ಅಂತರದಲ್ಲಿರುತ್ತವೆ. ಸದ್ದು ಇಲ್ಲಿಂದ ಹೊರಬಿದ್ದು ಅಲ್ಲಿ ಒಳಹೊಗುತ್ತದೆ, ನಡುವಿನ ಇಟ್ಟಿಗೆ ಗೋಡೆಯ ಪಾಲು ಅದರಲ್ಲಿ ಏನೂ ಇರುವುದಿಲ್ಲ. ಬ್ರಷ್ ಪಟ್ಟಿಯ ಸ್ಲೈಡಿಂಗ್ ಕಿಟಕಿಯಲ್ಲಿ ಗಾಜು ಎಷ್ಟೇ ದಪ್ಪವಿದ್ದರೂ ಬ್ರಷ್ಷಿನ ಕೂದಲಿನ ನಡುವೆ ಗಾಳಿ ಓಡಾಡುತ್ತದೆ. ಇದ್ದ ಕಿಟಕಿಯನ್ನು ಹಾಗೇ ಬಿಟ್ಟು, ಒಳಬದಿಯಲ್ಲಿ ಸುಮಾರು 100 ಮಿಲಿಮೀಟರ್ ಅಂತರ ಕೊಟ್ಟು, ಬೇರೆ ದಪ್ಪದ ಲ್ಯಾಮಿನೇಟೆಡ್ ಗಾಜಿನ ಎರಡನೆಯ ಕಿಟಕಿಯನ್ನು ರಬ್ಬರ್ ಪಟ್ಟಿಯೊಂದಿಗೆ ಬಿಗಿಯಾಗಿ ಕೂರಿಸುವುದು ಇದಕ್ಕೆ ಸರಿಯಾದ ಪರಿಹಾರ. ಈ ಹಂತ ಮುಗಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಎಷ್ಟೋ ತಬಲಾ ಮತ್ತು ಕೀಬೋರ್ಡ್ ಕೋಣೆಗಳ ದೂರು ಇಲ್ಲಿಗೇ ತೀರಿಬಿಡುತ್ತದೆ.

ಭಾರದ ಪದರವನ್ನು ಎಲ್ಲಿ ಹಾಕಿದರೆ ಲಾಭ?

ಕಿಂಡಿಗಳೆಲ್ಲ ಮುಚ್ಚಿದ ಮೇಲೂ ಮಂಕಾದ ಧಡ್ ಸದ್ದು ಗೋಡೆಯಿಂದ ಬರುತ್ತಿದ್ದರೆ ಆಗ ಭಾರದ ಮಾತು ಬರುತ್ತದೆ. ಸೌಂಡ್‌ಪ್ರೂಫಿಂಗ್‌ಗೆಂದು ಮಾರುವ ಭಾರವಾದ ವಿನೈಲ್ ಹಾಳೆ ಚದರ ಮೀಟರಿಗೆ ಸುಮಾರು 5 ಕಿಲೋ ಇರುತ್ತದೆ. ಅದನ್ನು 270 ಕಿಲೋ ಗೋಡೆಗೆ ನೇರವಾಗಿ ಅಂಟಿಸಿದರೆ ಭಾರ 275 ಆಗುತ್ತದೆ, ಲಾಭ 0.16 ಡೆಸಿಬೆಲ್. ಹಾಳೆ ಕೆಟ್ಟದ್ದಲ್ಲ, ತೆಳುವಾದ ಬಾಗಿಲಿನ ಹಲಗೆಗೋ ಎ.ಸಿ. ಡಕ್ಟಿಗೋ ಸುತ್ತಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ 5 ಕಿಲೋ ದೊಡ್ಡ ಪಾಲು. ಇಟ್ಟಿಗೆ ಗೋಡೆಯ ಮೇಲೆ ಅದು ಹಣದ ವ್ಯರ್ಥ.

ಭಾರದಿಂದಲೇ 6 ಡೆಸಿಬೆಲ್ ಗಳಿಸಬೇಕಾದರೆ ಇನ್ನೊಂದು ಇಟ್ಟಿಗೆ ಗೋಡೆಯನ್ನೇ ಅದಕ್ಕೆ ಒತ್ತಿ ಕಟ್ಟಬೇಕು. 12 ಚದರ ಮೀಟರಿಗೆ ಅದರ ತೂಕ 3,240 ಕಿಲೋ. ವಾಸದ ಕೋಣೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಹೊರೆಗೆ ಲೆಕ್ಕ ಹಾಕಿರುತ್ತಾರೆ. ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಿಗೆಯಿಲ್ಲದೆ ಮಹಡಿಯ ಮೇಲೆ ಇಂಥ ಗೋಡೆ ಎಬ್ಬಿಸುವುದು ಅಪಾಯ. ಭಾರವನ್ನು ಗೋಡೆಗೆ ಅಂಟಿಸುವ ಬದಲು ಗೋಡೆಯಿಂದ ದೂರ ನಿಲ್ಲಿಸಿದರೆ ಅದಕ್ಕಿಂತ ಎಷ್ಟೋ ಕಡಿಮೆ ತೂಕದಲ್ಲಿ ಹೆಚ್ಚಿನ ತಡೆ ಸಿಗುತ್ತದೆ.

ಎರಡನೆಯ ಗೋಡೆ, ಮತ್ತು ಅದು ಕೆಡುವ ಬಗೆ

ಇಟ್ಟಿಗೆ ಗೋಡೆಯ ಮುಂದೆ ಅಂತರ ಬಿಟ್ಟು ಜಿಪ್ಸಮ್ ಬೋರ್ಡಿನ ಗೋಡೆ ನಿಲ್ಲಿಸಿದಾಗ, ನಡುವೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗ್‌ನಂತೆ ವರ್ತಿಸುತ್ತದೆ. ಬೋರ್ಡು ಆ ಸ್ಪ್ರಿಂಗಿನ ಮೇಲೆ ತನ್ನದೇ ಆದ ಒಂದು ಆವೃತ್ತಿಯಲ್ಲಿ ಸುಲಭವಾಗಿ ಕಂಪಿಸುತ್ತದೆ, ಇದನ್ನೇ ಅನುನಾದ ಎನ್ನುತ್ತಾರೆ. ಆ ಆವೃತ್ತಿಗಿಂತ ಸಾಕಷ್ಟು ಮೇಲಿನ ಸ್ವರಗಳಲ್ಲಿ ತಡೆ ಬೇಗಬೇಗನೆ ಏರುತ್ತದೆ. ಅದೇ ಆವೃತ್ತಿಯ ಸುತ್ತಮುತ್ತ ಮಾತ್ರ ಹೊಸ ಗೋಡೆಯಿಲ್ಲದಿದ್ದಾಗ ಇದ್ದದ್ದಕ್ಕಿಂತಲೂ ತಡೆ ಕುಗ್ಗುತ್ತದೆ. ಇಟ್ಟಿಗೆ ಗೋಡೆ ಬೋರ್ಡಿಗಿಂತ ಬಹಳ ಭಾರವಾಗಿರುವಾಗ ಈ ಆವೃತ್ತಿಯನ್ನು ಹೀಗೆ ಲೆಕ್ಕ ಹಾಕಬಹುದು:

```
f = 60 / √(m × d)
```

ಇಲ್ಲಿ m ಎಂದರೆ ಬೋರ್ಡಿನ ಭಾರ, ಚದರ ಮೀಟರಿಗೆ ಕಿಲೋಗಳಲ್ಲಿ; d ಎಂದರೆ ಅಂತರ, ಮೀಟರುಗಳಲ್ಲಿ; ಉತ್ತರ ಹರ್ಟ್ಜ್‌ನಲ್ಲಿ ಬರುತ್ತದೆ.

ಬಡಗಿಗಳು ಸಾಮಾನ್ಯವಾಗಿ ಮಾಡುವಂತೆ ಗೋಡೆಗೆ 25 ಮಿಲಿಮೀಟರ್ ದಪ್ಪದ ಮರದ ರೀಪರ್ ಹೊಡೆದು, ಅದರ ಮೇಲೆ ಚದರ ಮೀಟರಿಗೆ 9 ಕಿಲೋ ತೂಗುವ ಒಂದೇ ಜಿಪ್ಸಮ್ ಬೋರ್ಡ್ ಕೂರಿಸಿದರೆ f ಸುಮಾರು 126 ಹರ್ಟ್ಜ್ ಆಗುತ್ತದೆ. ಡ್ರಮ್ ಸೆಟ್ಟಿನ ಟಾಮ್‌ಗಳೂ, ಬಾಸ್ ಗಿಟಾರಿನ ಮೇಲಿನ ತಂತಿಗಳೂ ಸದ್ದು ಮಾಡುವ ಜಾಗವೇ ಅದು. ಹಣ ಖರ್ಚು ಮಾಡಿದ ಮೇಲೆ ಮೊದಲಿಗಿಂತ ಜಾಸ್ತಿ ಧಡ್ ಎನ್ನುತ್ತಿದೆ ಎಂದು ಪಕ್ಕದ ಮನೆಯವರು ಹೇಳಿದರೆ ಅವರ ಮಾತನ್ನು ನಂಬಬೇಕು. ದೋಷ ಇಲ್ಲಿಯೇ ಇದೆ. ಬೋರ್ಡನ್ನು ಮುಷ್ಟಿಯಿಂದ ಮೆಲ್ಲಗೆ ಗುದ್ದಿದಾಗ ಡೊಳ್ಳಿನಂಥ ಒಂದೇ ಸ್ವರ ಕೇಳಿದರೆ ಈ ಅನುಮಾನ ಗಟ್ಟಿಯಾಗುತ್ತದೆ.

ಅದೇ ಬೋರ್ಡನ್ನು ಎರಡು ಪದರ ಮಾಡಿ ಭಾರವನ್ನು 18 ಕಿಲೋಗೂ, ಅಂತರವನ್ನು 75 ಮಿಲಿಮೀಟರಿಗೂ ಏರಿಸಿದರೆ f ಸುಮಾರು 52 ಹರ್ಟ್ಜ್‌ಗೆ ಇಳಿಯುತ್ತದೆ. ಲಾಭ ಶುರುವಾಗುವುದು ಇದರ ಸುಮಾರು 1.4 ಪಟ್ಟಿನಿಂದ, ಅಂದರೆ 73 ಹರ್ಟ್ಜ್‌ನಿಂದ ಮೇಲಕ್ಕೆ. ಮೊದಲಿನ ಜೋಡಣೆಯಲ್ಲಿ ಅದು 178 ಹರ್ಟ್ಜ್ ಆಗಿತ್ತು. ಇಡೀ ಗೋಡೆಯ ಎರಡು ಪದರ ಬೋರ್ಡಿನ ತೂಕ 216 ಕಿಲೋ ಮಾತ್ರ. ಕೋಣೆಯಿಂದ ಸುಮಾರು ನಾಲ್ಕು ಇಂಚು ಹೋಗುತ್ತದೆ. ಅದನ್ನು ಕೊಡಲು ಮನಸ್ಸಿಲ್ಲದಿದ್ದರೆ ಕೆಳಗಿನ ಸ್ವರಗಳನ್ನು ತಡೆಯುವ ಆಸೆಯನ್ನೂ ಬಿಡಬೇಕಾಗುತ್ತದೆ, ಏಕೆಂದರೆ ಈ ಲೆಕ್ಕದಲ್ಲಿ ಅಂತರಕ್ಕೂ ಭಾರಕ್ಕೂ ಸಮಾನ ಪಾಲಿದೆ.

ರಾಕ್‌ವುಲ್ ತನ್ನ ನಿಜವಾದ ಕೆಲಸ ಮಾಡುವುದು ಈ ಅಂತರದೊಳಗೆ. ಘನಮೀಟರಿಗೆ 48 ಕಿಲೋ ಸಾಂದ್ರತೆಯ 50 ಮಿಲಿಮೀಟರ್ ಹಲಗೆ ಚದರ ಮೀಟರಿಗೆ ಎರಡೂವರೆ ಕಿಲೋ ಕೂಡ ತೂಗುವುದಿಲ್ಲ, ಆದ್ದರಿಂದ ಅದೂ ತಾನಾಗಿ ಸದ್ದನ್ನು ತಡೆಯಲಾರದು. ಬರಿಯ ಗೋಡೆಯ ಮೇಲೆ ಹೊದಿಸಿದರೆ ಅದು ಒಳ್ಳೆಯ ಫೋಮ್‌ನಂತೆ ಮಾರ್ದನಿಯನ್ನು ಹೀರಿ ಸುಮ್ಮನಾಗುತ್ತದೆ. ಎರಡು ಗೋಡೆಗಳ ನಡುವೆ ಇಟ್ಟಾಗ ಮಾತ್ರ, ಅಲ್ಲಿ ಹಿಂದೆಮುಂದೆ ಪುಟಿಯುತ್ತಿದ್ದ ಸದ್ದನ್ನು ಕರಗಿಸುತ್ತದೆ, ಗಾಳಿಯ ಸ್ಪ್ರಿಂಗನ್ನು ಸ್ವಲ್ಪ ಮೃದುವಾಗಿಸಿ ಆ ಅನುನಾದದ ಆವೃತ್ತಿಯನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ, ಅನುನಾದದ ತೀವ್ರತೆಯನ್ನೂ ತಗ್ಗಿಸುತ್ತದೆ. ಹೆಚ್ಚು ಸಾಂದ್ರತೆಯದು ಹೆಚ್ಚು ಒಳ್ಳೆಯದು ಎಂಬ ಅಂಗಡಿಯ ಮಾತು ಇಲ್ಲಿ ಸಲ್ಲದು. ಗಟ್ಟಿಯಾದ ಹಲಗೆಯನ್ನು ಅಂತರದಲ್ಲಿ ಬಿಗಿದು ತುರುಕಿದರೆ ಅದು ಎರಡೂ ಗೋಡೆಗಳನ್ನು ಮುಟ್ಟಿ ಕಂಪನವನ್ನು ದಾಟಿಸುವ ಸೇತುವೆಯಾಗುತ್ತದೆ. 75 ಮಿಲಿಮೀಟರ್ ಅಂತರದಲ್ಲಿ 50 ಮಿಲಿಮೀಟರಿನ ಮೃದು ಹಲಗೆ, ಜಾರದಂತೆ ನಿಂತರೆ ಸಾಕು. ಅದನ್ನು ಕತ್ತರಿಸುವಾಗ ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಇರಲೇಬೇಕು. ಎಳೆಗಳು ಚರ್ಮ, ಕಣ್ಣು, ಗಂಟಲಿಗೆ ತುರಿಕೆ ತರುತ್ತವೆ.

ಎರಡನೆಯ ಗೋಡೆ ಇಟ್ಟಿಗೆ ಗೋಡೆಯನ್ನು ಎಲ್ಲಿಯೂ ಮುಟ್ಟಬಾರದು ಎಂಬುದೇ ಇಡೀ ಕೆಲಸದ ಜೀವಾಳ. ಜಿ.ಐ. ಚಾನೆಲ್‌ಗಳನ್ನು ಗೋಡೆಯಿಂದ 25 ಮಿಲಿಮೀಟರ್ ದೂರದಲ್ಲಿ ನೆಲ ಮತ್ತು ಮೇಲಿನ ಸ್ಲ್ಯಾಬಿಗೆ ಮಾತ್ರ, ಅಡಿಯಲ್ಲಿ ಮೃದುವಾದ ಪಟ್ಟಿ ಕೊಟ್ಟು ಕೂರಿಸಬೇಕು. ಮೊದಲ ಬೋರ್ಡಿನ ಕೀಲುಗಳ ಮೇಲೆ ಎರಡನೆಯ ಬೋರ್ಡಿನ ಕೀಲುಗಳು ಬೀಳಬಾರದು. ಸುತ್ತಲಿನ ಅಂಚಿನಲ್ಲಿ 5 ಮಿಲಿಮೀಟರ್ ಬಿಟ್ಟು, ಒಣಗಿದ ಮೇಲೂ ಮೃದುವಾಗಿರುವ ಸೀಲಂಟ್ ತುಂಬಬೇಕು. ಪುಟ್ಟಿ ತುಂಬಿದರೆ ಕೆಲವು ತಿಂಗಳಲ್ಲಿ ಬಿರುಕು ಬಿಟ್ಟು ಮತ್ತೆ ಕಿಂಡಿಯಾಗುತ್ತದೆ. ಕೆಲಸಗಾರರು ಚೌಕಟ್ಟು ಅಲುಗದಿರಲಿ ಎಂಬ ಸದುದ್ದೇಶದಿಂದ ಹಿಂದಿನ ಗೋಡೆಗೆ ಒಂದೆರಡು ಕ್ಲಾಂಪ್ ಹೊಡೆದುಬಿಡುತ್ತಾರೆ, ಅಥವಾ ಕರೆಂಟಿನ ಗಟ್ಟಿ ಪೈಪು ಎರಡೂ ಗೋಡೆಗಳನ್ನು ಬೆಸೆದಿರುತ್ತದೆ. ಬೋರ್ಡು ಮುಚ್ಚಿದ ಮೇಲೆ ಇದು ಕಾಣುವುದಿಲ್ಲ, ಆದ್ದರಿಂದ ಮುಚ್ಚುವ ಮೊದಲೇ ಚೌಕಟ್ಟಿನ ಹಿಂದೆ ತೆಳ್ಳನೆಯ ಪಟ್ಟಿಯೊಂದನ್ನು ಮೇಲಿನಿಂದ ಕೆಳಗಿನವರೆಗೆ ಎಳೆದು, ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲವೆಂದು ನೋಡಿಕೊಳ್ಳಬೇಕು. ಮುಚ್ಚಿದ ಮೇಲೆ ಅನುಮಾನ ಬಂದರೆ ಒಳಗಿನ ಬೋರ್ಡನ್ನು ಅಲ್ಲಲ್ಲಿ ತಟ್ಟುತ್ತ ಹೋಗಿ, ಆಚೆಯ ಮನೆಯಲ್ಲಿ ಗೋಡೆಗೆ ಕಿವಿಯಿಟ್ಟು ಕೇಳಬೇಕು. ಸೇತುವೆಯಿರುವ ಜಾಗದಲ್ಲಿ ತಟ್ಟಿದ ಸದ್ದು ಎದ್ದು ಕೇಳುತ್ತದೆ.

ನೆಲದ ದಾರಿ

ಪೆಡಲ್ ಪರೀಕ್ಷೆಯಲ್ಲಿ ಕೆಳಗಿನ ಮನೆಗೆ ಪೆಟ್ಟು ಕೇಳಿತ್ತಾದರೆ, ಗೋಡೆಯ ಕೆಲಸವೆಲ್ಲ ಮುಗಿದರೂ ಅದು ಕೇಳುತ್ತಲೇ ಇರುತ್ತದೆ. ಕಂಬಳಿ ಅಥವಾ ಕಾರ್ಪೆಟ್ ಟಕ್ ಎಂಬ ಮೇಲುಸದ್ದನ್ನು ಮಾತ್ರ ಕಳೆಯುತ್ತದೆ. ಡ್ರಮ್ ಸೆಟ್ ಪೂರ್ತಿಯಾಗಿ ತೇಲುವ ಒಂದು ವೇದಿಕೆಯ ಮೇಲಿರಬೇಕು: 18 ಮಿಲಿಮೀಟರಿನ ಪ್ಲೈವುಡ್ ಎರಡು ಪದರ, ಅದರಡಿಯಲ್ಲಿ ಸಮವಾಗಿ ಹಂಚಿದ ಮೃದುವಾದ ಆಧಾರಗಳು. ಇಲ್ಲಿ ಆಧಾರ ಎಷ್ಟು ದಪ್ಪ ಎಂಬುದಕ್ಕಿಂತ, ವಾದ್ಯ ಮತ್ತು ವಾದಕರ ಭಾರ ಬಿದ್ದಾಗ ಅದು ಎಷ್ಟು ಕುಗ್ಗುತ್ತದೆ ಎಂಬುದು ಮುಖ್ಯ. ಕುಗ್ಗುವಿಕೆಯನ್ನು ಮಿಲಿಮೀಟರಿನಲ್ಲಿ ಅಳೆದು, ಅದರ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ವೇದಿಕೆಯ ಸ್ವಂತ ಆವೃತ್ತಿ ಹೆಚ್ಚುಕಡಿಮೆ ಗೊತ್ತಾಗುತ್ತದೆ. 4 ಮಿಲಿಮೀಟರ್ ಕುಗ್ಗಿದರೆ ಸುಮಾರು 8 ಹರ್ಟ್ಜ್, ಅದು ಒಳ್ಳೆಯದು. ಟೈರಿನಂಥ ಗಟ್ಟಿ ರಬ್ಬರ್ ಚಾಪೆ ಮಿಲಿಮೀಟರಿನ ಹತ್ತರಲ್ಲೊಂದು ಭಾಗ ಮಾತ್ರ ಕುಗ್ಗುತ್ತದೆ. ಆಗ ಉತ್ತರ 50 ಹರ್ಟ್ಜ್, ಅಂದರೆ ದೊಡ್ಡ ಡ್ರಮ್ಮಿನ ಸ್ವರದಲ್ಲೇ ವೇದಿಕೆ ಕುಣಿದು ಪೆಟ್ಟನ್ನು ಹೆಚ್ಚಿಸುತ್ತದೆ. ರಬ್ಬರ್ ಮತ್ತು ಫೋಮ್ ಆಧಾರಗಳು ಕಂಪನದ ವೇಗದಲ್ಲಿ ಇನ್ನೂ ಬಿಗಿಯಾಗಿ ವರ್ತಿಸುವುದರಿಂದ, ಲೆಕ್ಕದಲ್ಲಿ ಬಂದದ್ದಕ್ಕಿಂತ ನಿಜವಾದ ಆವೃತ್ತಿ ಮೇಲೆಯೇ ಇರುತ್ತದೆ ಎಂದು ಇಟ್ಟುಕೊಳ್ಳಬೇಕು. ಅನೇಕ ಡ್ರಮ್ ವಾದಕರು ಪ್ಲೈವುಡ್ಡಿನಲ್ಲಿ ಗುಂಡಿ ಕೊರೆದು ಟೆನಿಸ್ ಚೆಂಡುಗಳನ್ನು ಕೂರಿಸುವುದು ಇದೇ ಕಾರಣಕ್ಕೆ. ಅವು ಸಾಕಷ್ಟು ಕುಗ್ಗುತ್ತವೆ. ವೇದಿಕೆಯ ಅಂಚು ಗೋಡೆಯನ್ನೂ ಮುಟ್ಟದಂತೆ ಇರಬೇಕು.

ಬೆಂಕಿ ಮತ್ತು ಉಸಿರಾಟ

ಸಾಮಾನ್ಯ ಪಾಲಿಯುರೆಥೇನ್ ಫೋಮ್ ಬೇಗ ಹೊತ್ತಿಕೊಂಡು ವಿಷದ ಹೊಗೆ ಕಾರುತ್ತದೆ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಒಂದು ನೈಟ್‌ಕ್ಲಬ್‌ನಲ್ಲಿ ವೇದಿಕೆಯ ಸುತ್ತ ಅಂಟಿಸಿದ್ದ ಫೋಮ್‌ಗೆ ಪಟಾಕಿಯ ಕಿಡಿ ತಗುಲಿ 100 ಜನ ಸತ್ತರು. 2013ರಲ್ಲಿ ಬ್ರೆಜಿಲ್‌ನ ಸಾಂತಾ ಮಾರಿಯಾದಲ್ಲಿ ಇದೇ ಬಗೆಯ ದುರಂತದಲ್ಲಿ 242 ಜನ ಸತ್ತರು. ಮನೆಯ ಕೋಣೆಯಲ್ಲಿ ಪಟಾಕಿ ಇರುವುದಿಲ್ಲ, ಆದರೆ ಆಂಪ್ಲಿಫಯರ್, ಸಡಿಲ ಪ್ಲಗ್, ಎಕ್ಸ್‌ಟೆನ್ಷನ್ ವೈರು ಇದ್ದೇ ಇರುತ್ತವೆ, ಬಾಗಿಲು ಬಿಗಿಯಾಗಿ ಮುಚ್ಚಿರುತ್ತದೆ. ಪ್ಯಾಕಿಂಗ್ ಫೋಮನ್ನು ಗೋಡೆಗೆ ಹಾಕಲೇಬಾರದು. ಹೀರುವ ಹಲಗೆಗಳಿಗೂ ಬಟ್ಟೆ ಸುತ್ತಿದ ರಾಕ್‌ವುಲ್ಲನ್ನೇ ನಾನು ಶಿಫಾರಸು ಮಾಡುತ್ತೇನೆ. ಅದು ಹೊತ್ತಿಕೊಳ್ಳುವುದಿಲ್ಲ, ಅದೇ ದಪ್ಪದ ಫೋಮ್‌ಗಿಂತ ಚೆನ್ನಾಗಿಯೂ ಹೀರುತ್ತದೆ.

ಕಿಂಡಿಗಳನ್ನೆಲ್ಲ ಮುಚ್ಚಿದ ಕೋಣೆಗೆ ಹೊಸ ಗಾಳಿ ಬೇಕು. ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊರಗಿನಿಂದ ತರುವುದಿಲ್ಲ. ಒಳಮೈಗೆ ರಾಕ್‌ವುಲ್ ಹೊದಿಸಿದ, ಎರಡು ಮೂರು ತಿರುವುಗಳಿರುವ ಪ್ಲೈವುಡ್ ಪೆಟ್ಟಿಗೆಯ ಮೂಲಕ ನಿಧಾನವಾಗಿ ತಿರುಗುವ ಫ್ಯಾನಿನಿಂದ ಗಾಳಿ ಎಳೆದರೆ ಸದ್ದು ತಿರುವುಗಳಲ್ಲಿ ಕರಗುತ್ತದೆ.

ಮರು ಅಳತೆ

ಎಲ್ಲ ಕೆಲಸ ಮುಗಿದ ಮೇಲೆ ಅದೇ ಸ್ಪೀಕರ್, ಅದೇ ಧ್ವನಿಮಟ್ಟ, ಅದೇ ಫೋನಿನಿಂದ ಮೊದಲಿನ ಜಾಗಗಳಲ್ಲೇ ಅಳೆಯಬೇಕು. ಎರಡನೆಯ ಗೋಡೆಯಿಂದ ಪುಸ್ತಕದ ಲೆಕ್ಕದಲ್ಲಿ 15 ಡೆಸಿಬೆಲ್ ಬರಬೇಕಿದ್ದಲ್ಲಿ ಆಚೆಗೆ 8 ಮಾತ್ರ ಇಳಿದಿದ್ದರೆ ಬೋರ್ಡನ್ನು ಕಿತ್ತುಹಾಕುವ ಅಗತ್ಯವಿಲ್ಲ. ಸದ್ದು ಈಗ ಮೇಲಿನ ಸ್ಲ್ಯಾಬು, ನೆಲ ಮತ್ತು ಅಡ್ಡಗೋಡೆಗಳನ್ನು ಹಿಡಿದು ಸುತ್ತಿ ಬರುತ್ತಿದೆ. ಮುಖ್ಯ ಗೋಡೆ ಎಷ್ಟು ಬಲವಾಗುತ್ತದೋ ಅಷ್ಟರಮಟ್ಟಿಗೆ ಈ ಸುತ್ತುದಾರಿಗಳ ಪಾಲು ಎದ್ದು ಕಾಣುತ್ತದೆ. ಪಕ್ಕದ ಮನೆಯಲ್ಲಿ ಎರಡೂ ಮನೆಗಳ ನಡುವಿನ ಗೋಡೆಗೆ ಕಿವಿಯಿಟ್ಟಾಗ ಕೇಳುವುದಕ್ಕಿಂತ ಅಡ್ಡಗೋಡೆಗೆ ಕಿವಿಯಿಟ್ಟಾಗ ಹೆಚ್ಚು ಕೇಳಿದರೆ ಇದು ಖಚಿತ. ಮುಂದುವರಿಯಬೇಕೆಂದರೆ ಉಳಿದ ಮೂರು ಗೋಡೆ, ಛಾವಣಿ ಮತ್ತು ನೆಲಕ್ಕೂ ಇದೇ ಕ್ರಮ ಅನ್ವಯಿಸಿ ಕೋಣೆಯೊಳಗೆ ಇನ್ನೊಂದು ಕೋಣೆಯನ್ನೇ ಕಟ್ಟಬೇಕಾಗುತ್ತದೆ. 3 ಮೀಟರ್ ಅಗಲದ ಕೋಣೆಗೆ ಅದು ದುಬಾರಿ, ಜಾಗವೂ ಸಾಲದು.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ, ಅದೂ ಎ ಮಾಪನದಲ್ಲಿ. ಈ ಕೋಣೆಯಲ್ಲಿ ಕಿಂಡಿ ಮುಚ್ಚಿ, ಕಿಟಕಿ ಜೋಡಿ ಮಾಡಿ, ಎರಡೂ ಮನೆಗಳ ನಡುವಿನ ಗೋಡೆಗೆ ಎರಡನೆಯ ಗೋಡೆ ನಿಲ್ಲಿಸಿ, ವೇದಿಕೆ ತೇಲಿಸಿದರೆ ಹಗಲಿನ ಅಭ್ಯಾಸ ಪಕ್ಕದ ಮನೆಯ ಸಾಮಾನ್ಯ ಗದ್ದಲದಲ್ಲಿ ಬೆರೆತುಹೋಗುವ ಮಟ್ಟಕ್ಕೆ ಬರುತ್ತದೆ. 73 ಹರ್ಟ್ಜ್‌ಗಿಂತ ಕೆಳಗಿನ ಪೆಟ್ಟು ಆಗಲೂ ಉಳಿದಿರುತ್ತದೆ, ರಸ್ತೆಯ ಸದ್ದು ಅಡಗಿದ ಮೇಲೆ ಅದು ಮಲಗಿದವರಿಗೆ ಕೇಳುತ್ತದೆ. ಆ ಹೊತ್ತಿನ ಅಭ್ಯಾಸಕ್ಕೆ ಡ್ರಮ್ಮುಗಳಿಗೆ ಜಾಲರಿಯ ಹೊದಿಕೆ ಹಾಕಿ, ದೊಡ್ಡ ಡ್ರಮ್ಮಿನ ಬದಲು ಪ್ಯಾಡ್ ತುಳಿಯುವುದನ್ನು ಬಿಟ್ಟರೆ ಈ ಅಳತೆಯ ಕೋಣೆಯಲ್ಲಿ ಬೇರೆ ದಾರಿಯಿಲ್ಲ.